ಓದುವವರಿಗೆ ಕಾಣದ ನರಿ

ಪುಸ್ತಕದ ತುಂಬ ನರಿಯಿದೆ. ಆದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದರೂ ನರಿ ಎಂಬ ಮಾತು ಓದುವವರ ಬಾಯಿಗೆ ಒಮ್ಮೆಯೂ ಬರುವುದಿಲ್ಲ. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ 1968ರಲ್ಲಿ ಬರೆದು, ತಾವೇ ಚಿತ್ರವನ್ನೂ ಬಿಡಿಸಿದ 'ರೋಸೀಸ್ ವಾಕ್' ಎಂಬ ಮಕ್ಕಳ ಪುಸ್ತಕದ ಗಮ್ಮತ್ತು ಇಷ್ಟೇ. ರೋಸಿ ಎಂಬ ಹೇಂಟೆ ಗೂಡಿನಿಂದ ಹೊರಟು ತೋಟದ ಸುತ್ತ ಅಡ್ಡಾಡಿ, ಊಟದ ಹೊತ್ತಿಗೆ ಮರಳಿ ಬರುತ್ತದೆ. ಬರಹ ಹೇಳುವುದು ಅಷ್ಟನ್ನೇ, ಅದೂ ಒಂದೇ ಒಂದು ವಾಕ್ಯದಲ್ಲಿ. ಪುಸ್ತಕದಲ್ಲಿರುವ ಒಟ್ಟು ಪದಗಳು 32.

ಅಷ್ಟನ್ನು ಓದಲು ಅರ್ಧ ನಿಮಿಷ ಸಾಕು. ಹಾಗೆ ಅರ್ಧ ನಿಮಿಷದಲ್ಲಿ ಓದಿ ಮುಗಿಸಿ, 'ಇದರಲ್ಲೇನಿದೆ, ದುಡ್ಡು ದಂಡ' ಎಂದುಕೊಂಡ ಅಪ್ಪ ಅಮ್ಮಂದಿರು ಇದ್ದೇ ಇರುತ್ತಾರೆ. ತೊಡೆಯ ಮೇಲೆ ಕೂತ ಮಗು ಮಾತ್ರ ಅಷ್ಟು ಹೊತ್ತೂ ಬೇರೆಯೇ ಕಥೆಯಲ್ಲಿರುತ್ತದೆ. ಅದರ ಕಣ್ಣು ನರಿಯ ಮೇಲಿದೆ. ದೊಡ್ಡವರ ಕಣ್ಣು ಅಕ್ಷರದ ಮೇಲಿದೆ.

ಇದು ಬರೀ ಊಹೆಯ ಮಾತಲ್ಲ. ಮಕ್ಕಳಿಗೆ ಕಥೆ ಓದಿ ಹೇಳುವಾಗ ಅವರ ಕಣ್ಣು ಎಲ್ಲಿ ಓಡಾಡುತ್ತದೆ ಎಂಬುದನ್ನು ಕೆನಡಾದ ಸಂಶೋಧಕರಾದ ಮೇರಿ ಆನ್ ಎವಾನ್ಸ್ ಮತ್ತು ಜಾನ್ ಸೇಂಟ್ ಓಬಿನ್ ಕಣ್ಣಿನ ಚಲನೆ ಗುರುತಿಸುವ ಸಾಧನ ಬಳಸಿ ನೋಡಿದರು. ಆ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಇನ್ನೂ ಓದಲು ಬಾರದ ಮಕ್ಕಳು ಅಕ್ಷರದ ಕಡೆ ನೋಡುವುದು ತೀರಾ ಅಪರೂಪ, ಹೆಚ್ಚುಕಡಿಮೆ ಪೂರ್ತಿ ಸಮಯವನ್ನು ಅವರು ಚಿತ್ರದಲ್ಲೇ ಕಳೆಯುತ್ತಾರೆ ಎಂದು ಅದರಿಂದ ಗೊತ್ತಾಯಿತು. ಒಂದೇ ಪುಟವನ್ನು ಇಬ್ಬರು ಒಟ್ಟಿಗೆ ನೋಡುತ್ತಿದ್ದಾರೆ ಎಂದು ನಾವಂದುಕೊಂಡಿರುತ್ತೇವೆ. ನಿಜದಲ್ಲಿ ಒಬ್ಬರು ಓದುತ್ತಿರುತ್ತಾರೆ, ಇನ್ನೊಬ್ಬರು ನೋಡುತ್ತಿರುತ್ತಾರೆ. ಒಳ್ಳೆಯ ಚಿತ್ರಪುಸ್ತಕ ಈ ಎರಡು ಕೆಲಸಗಳ ನಡುವಿನ ಸಂದಿಯಲ್ಲೇ ತನ್ನ ಕಥೆಯನ್ನು ಅಡಗಿಸಿಡುತ್ತದೆ.

ರೋಸಿಯ ಪುಸ್ತಕವನ್ನೇ ಪುಟ ಪುಟವಾಗಿ ಬಿಡಿಸಿ ನೋಡಿದರೆ ಅದು ಹೇಗೆಂದು ತಿಳಿಯುತ್ತದೆ. ಮೊದಲ ಚಿತ್ರದಲ್ಲಿ ಹೇಂಟೆ ಗೂಡಿನಿಂದ ಇಳಿದು ಹೊರಟಿದೆ. ಗೂಡಿನ ಅಡಿಯಲ್ಲಿ ನರಿ ಮಲಗಿ ನೋಡುತ್ತಿದೆ. ಮುಂದಿನ ಜೋಡಿಪುಟದಲ್ಲಿ ರೋಸಿ ಅಂಗಳ ದಾಟುತ್ತದೆ. ಬರಹ ಹೇಳುವುದು ಅಂಗಳದ ಸುದ್ದಿಯನ್ನಷ್ಟೇ. ಚಿತ್ರದಲ್ಲಿ ನರಿ ಹಿಂದಿನಿಂದ ನೆಗೆದು ಗಾಳಿಯಲ್ಲಿದೆ, ಅದು ಇಳಿಯಬೇಕಾದ ಜಾಗದಲ್ಲಿ ಕಸ ಎಳೆಯುವ ಹಲ್ಲುಗೋಲೊಂದು ಹಲ್ಲು ಮೇಲಾಗಿ ಬಿದ್ದಿದೆ. ಹಾಳೆ ತಿರುವಿದರೆ ಮುಂದಿನ ಜೋಡಿಪುಟದಲ್ಲಿ ಒಂದಕ್ಷರವೂ ಇಲ್ಲ. ನರಿ ಹಲ್ಲಿನ ಮೇಲೆ ಕಾಲಿಟ್ಟಿದೆ, ಕೋಲು ಎದ್ದು ಅದರ ಮುಸುಡಿಗೆ ಬಡಿದಿದೆ. ರೋಸಿ ತನ್ನ ಪಾಡಿಗೆ ಮುಂದೆ ಹೋಗುತ್ತಿದೆ.

ಆಮೇಲೆ ಕೊಳ. ನರಿ ಮತ್ತೆ ನೆಗೆಯುತ್ತದೆ, ಹಾಳೆ ತಿರುವಿದರೆ ನೀರಿನಲ್ಲಿ. ಆಮೇಲೆ ಹುಲ್ಲಿನ ಬಣವೆ. ರೋಸಿ ಹಗುರಾಗಿ ಹತ್ತಿ ಇಳಿದರೆ ನರಿ ಹುಲ್ಲಿನೊಳಗೆ ಹೂತುಹೋಗುತ್ತದೆ. ಹಿಟ್ಟಿನ ಗಿರಣಿಯ ಹತ್ತಿರ ಮೇಲೆ ತೂಗಾಡುವ ಮೂಟೆಯಿಂದ ಹಿಟ್ಟೆಲ್ಲ ನರಿಯ ತಲೆಯ ಮೇಲೆ ಸುರಿಯುತ್ತದೆ. ಬೇಲಿಯ ಸಂದಿಯಿಂದ ರೋಸಿ ನುಸುಳಿದರೆ ನರಿ ಬೇಲಿ ಹಾರಿ ಅತ್ತ ನಿಂತ ಗಾಡಿಯೊಳಗೆ ಬೀಳುತ್ತದೆ. ಗಾಡಿ ಉರುಳಿಕೊಂಡು ಹೋಗಿ ಜೇನುಗೂಡುಗಳಿಗೆ ಗುದ್ದುತ್ತದೆ. ಕೊನೆಗೆ ನರಿ ಓಟ ಕೀಳುತ್ತದೆ, ಹಿಂದೆ ಜೇನಿನ ಹಿಂಡು.

ಆರು ಜಾಗ, ಪ್ರತಿ ಜಾಗಕ್ಕೂ ಎರಡು ಜೋಡಿಪುಟ. ಮೊದಲನೆಯದರಲ್ಲಿ ಮಾತಿದೆ, ಎರಡನೆಯದರಲ್ಲಿ ಮಾತಿಲ್ಲ. ಮಾತಿರುವ ಪುಟದಲ್ಲಿ ಅಪಾಯ ತಯಾರಾಗುತ್ತದೆ, ಮಾತಿಲ್ಲದ ಪುಟದಲ್ಲಿ ಅದು ನಡೆದುಹೋಗುತ್ತದೆ. ನಡುವೆ ಇರುವುದು ಹಾಳೆ ತಿರುವುವ ಒಂದು ಕ್ಷಣ ಮಾತ್ರ. ಚಿತ್ರಪುಸ್ತಕ ಮಾಡುವವರಿಗೆ ಇದು ದೊಡ್ಡ ಆಯುಧ. ಇಂಥ ಪುಸ್ತಕಗಳು ಸಾಮಾನ್ಯವಾಗಿ 32 ಪುಟದವು. ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವ ಮುದ್ರಣದ ಲೆಕ್ಕ ಅದು, ನಮ್ಮ ಪ್ರೆಸ್ಸಿನವರ ಮಾತಿನಲ್ಲಿ ಎರಡು ಫಾರಂ. ಹೆಸರಿನ ಪುಟ, ಹಕ್ಕುಗಳ ಪುಟ ಎಂದು ಒಂದಿಷ್ಟು ಹೋದರೆ ಕಥೆಗೆ ಹದಿಮೂರೋ ಹದಿನಾಲ್ಕೋ ಜೋಡಿಪುಟ ಉಳಿಯುತ್ತದೆ. ಅಂದರೆ ಅಷ್ಟೇ ಸಲ ಹಾಳೆ ತಿರುವುವ ಅವಕಾಶ. ಯಾವ ಸಂಗತಿ ತಿರುವಿಗೆ ಮೊದಲು ಬರಬೇಕು, ಯಾವುದು ಆಮೇಲೆ ಎಂದು ಚಿತ್ರಕಾರರು ಲೆಕ್ಕ ಹಾಕಿಯೇ ಕೂತಿರುತ್ತಾರೆ.

ಓದುವವರು ಆ ಲೆಕ್ಕವನ್ನು ಕೆಡಿಸುವುದು ಬಹಳ ಸುಲಭ. ವಾಕ್ಯ ಮುಗಿದ ಕೂಡಲೇ ಕೈ ತಾನಾಗಿ ಹಾಳೆ ತಿರುವಿಬಿಡುತ್ತದೆ. ಆಗ ಮಗುವಿಗೆ ಹಲ್ಲುಗೋಲು ಕಂಡಿರುವುದಿಲ್ಲ. ಹಲ್ಲುಗೋಲು ಕಾಣದಿದ್ದರೆ ಮುಂದಿನ ಪುಟದಲ್ಲಿ ನರಿಗೆ ಬಿದ್ದ ಏಟು ಎಲ್ಲಿಂದಲೋ ಬಂದ ಏಟು. ಕಂಡಿದ್ದರೆ ಅದು ತಾನು ಮೊದಲೇ ಊಹಿಸಿದ ಏಟು. ಇವೆರಡಕ್ಕೂ ಮಗು ನಗುವ ರೀತಿಯೇ ಬೇರೆ.

ಇನ್ನೊಂದು ಸಣ್ಣ ತೊಡಕು ಕೈಯದು. ಪುಸ್ತಕವನ್ನು ಕೆಳಗಿನ ಎರಡು ಮೂಲೆಗಳಲ್ಲಿ ಹಿಡಿಯುವುದು ಎಲ್ಲರ ಅಭ್ಯಾಸ, ಹೆಬ್ಬೆರಳು ಒಳಗೆ, ಉಳಿದ ಬೆರಳು ಹೊರಗೆ. ಎಡದಿಂದ ಬಲಕ್ಕೆ ಓದುವ ಭಾಷೆಗಳ ಪುಸ್ತಕದಲ್ಲಿ ಕಥೆಯ ನಡಿಗೆಯೂ ಎಡದಿಂದ ಬಲಕ್ಕೇ ಇರುತ್ತದೆ, ಹಾಗಾಗಿ ಮುಂದೆ ಏನಾಗಲಿದೆ ಎಂಬ ಸುಳಿವನ್ನು ಚಿತ್ರಕಾರರು ಬಹಳ ಸಲ ಬಲಗಡೆಯ ಕೆಳಭಾಗದಲ್ಲೇ ಇಟ್ಟಿರುತ್ತಾರೆ. ಓದುವವರ ಹೆಬ್ಬೆರಳು ಸರಿಯಾಗಿ ಅಲ್ಲೇ ಕೂತಿರುತ್ತದೆ! ಪುಸ್ತಕವನ್ನು ಮೇಲಿನ ಅಂಚಿನಲ್ಲೋ ಹಿಂದಿನಿಂದಲೋ ಹಿಡಿದರೆ ಈ ತೊಂದರೆಯಿಲ್ಲ. ಮಗುವಿನ ಮೊಣಕಾಲ ಮೇಲೆ ಪುಸ್ತಕವನ್ನು ಊರಿಬಿಟ್ಟರೆ ಇನ್ನೂ ಒಳ್ಳೆಯದು, ಹಾಳೆ ತಿರುವುವ ಅಧಿಕಾರವೂ ಆಗ ಅರ್ಧ ಅದರ ಕೈಗೆ ಹೋಗುತ್ತದೆ.

ಹಾಗಾದರೆ ಇದನ್ನು ಓದುವುದು ಹೇಗೆ? ಮಗುವಿನ ಮುಂದೆ ತೆರೆಯುವ ಮೊದಲು ದೊಡ್ಡವರು ಒಂದು ಸಲ ಅಕ್ಷರವನ್ನು ಬಿಟ್ಟು ಚಿತ್ರಗಳನ್ನಷ್ಟೇ ನೋಡಿಕೊಂಡು ಹೋಗಬೇಕು. ಎಲ್ಲೆಲ್ಲಿ ಮಾತಿಲ್ಲದ ಪುಟ ಬರುತ್ತದೆ ಎಂದು ಗೊತ್ತಿದ್ದರೆ ಧ್ವನಿ ಅದಕ್ಕೆ ತಯಾರಾಗಿರುತ್ತದೆ. ಆಮೇಲೆ ಮಗುವಿಗೆ ಓದುವಾಗ ಆ ಪುಟದ ಮಾತನ್ನು ಒಂದೇ ಸಲ, ಅವಸರವಿಲ್ಲದೆ ಹೇಳಿ ಸುಮ್ಮನಾಗಬೇಕು. ಸುಮ್ಮನಾಗಿ ಪುಟವನ್ನು ನೋಡದೆ ಮಗುವಿನ ಕಣ್ಣನ್ನು ನೋಡಬೇಕು. ಕಣ್ಣು ಮೊದಲು ಹೇಂಟೆಯ ಮೇಲಿರುತ್ತದೆ, ಯಾಕೆಂದರೆ ಕಿವಿಗೆ ಬಿದ್ದದ್ದು ಹೇಂಟೆಯ ಸುದ್ದಿ. ಅಲ್ಲಿಂದ ನರಿಯ ಕಡೆ ಹೋಗುತ್ತದೆ, ನರಿಯಿಂದ ಮುಂದಿನ ಅಪಾಯದ ಕಡೆ. ಅಷ್ಟಾದ ಮೇಲೆ ಹಾಳೆ ತಿರುವಬಹುದು. ಇದಕ್ಕೆ ಹಿಡಿಯುವುದು ಕೆಲವೇ ಸೆಕೆಂಡು. ಆದರೆ ಸುಮ್ಮನಿರುವ ಆ ಕೆಲವು ಸೆಕೆಂಡು ದೊಡ್ಡವರಿಗೆ ಬಹಳ ದೀರ್ಘ ಅನ್ನಿಸುತ್ತದೆ, ಏನಾದರೂ ಹೇಳಲೇಬೇಕು ಎಂದು ನಾಲಿಗೆ ತುರಿಸುತ್ತದೆ.

ಹೇಳಬಾರದ ಮಾತು ಒಂದೇ: 'ಅಲ್ನೋಡು, ನರಿ!'

ಅದನ್ನು ಹೇಳಿದರೆ ಪುಸ್ತಕ ಅಲ್ಲಿಗೆ ಮುಗಿಯಿತು. ನರಿಯನ್ನು ಬರಹದಲ್ಲಿ ತರದೇ ಇರುವುದು ಹಚಿನ್ಸ್ ಅವರ ಮರೆವಲ್ಲ, ಅದೇ ಅವರ ಯುಕ್ತಿ. ಬರಹವನ್ನು ಮುಚ್ಚಿಟ್ಟು ಚಿತ್ರಗಳನ್ನು ಮಾತ್ರ ನೋಡಿದರೂ ನರಿ ಬೀಳುವುದು, ಏಳುವುದು ಎಲ್ಲ ಇದೆ. ಆದರೆ ಆಗ ಅದು ಬರೀ ಬೆನ್ನಟ್ಟುವ ಕಥೆ. ಚಿತ್ರಗಳನ್ನು ಮುಚ್ಚಿ ಬರಹ ಮಾತ್ರ ಓದಿದರೆ ಹೇಂಟೆಯೊಂದರ ಸಪ್ಪೆ ವಾಯುವಿಹಾರ. ಎರಡೂ ಒಟ್ಟಿಗೆ ಇದ್ದಾಗ ಮಾತ್ರ ಮೂರನೆಯದೊಂದು ಹುಟ್ಟುತ್ತದೆ. ಕಥೆ ಹೇಳುತ್ತಿರುವವರಿಗೇ ಏನೂ ಗೊತ್ತಿಲ್ಲ, ನನಗೆ ಗೊತ್ತಿದೆ ಎಂಬುದು ಮಗುವಿಗೆ ಖಾತ್ರಿಯಾಗುತ್ತದೆ. ಕಂಪನಿ ನಾಟಕದಲ್ಲಿ ನಾಯಕ ಮುಂದೆ ನಿಂತು ಹಾಡುತ್ತಿರುವಾಗ ಹಿಂದಿನ ಪರದೆಯಿಂದ ಖಳನಾಯಕ ಚೂರಿ ಹಿಡಿದು ಬಂದರೆ, ಚಾಪೆಯ ಮೇಲೆ ಕೂತವರು 'ಹಿಂದೆ ನೋಡೋ!' ಎಂದು ಕೂಗುತ್ತಿದ್ದರಲ್ಲ, ಇದು ಅದೇ ಸುಖ. ನಾಯಕನ ಪಾತ್ರಧಾರಿ ತಿರುಗಿ ನೋಡಿಬಿಟ್ಟರೆ ಆ ದೃಶ್ಯ ಕೆಟ್ಟಿತು. ಗಟ್ಟಿಯಾಗಿ ಓದುವ ಅಪ್ಪ ಅಮ್ಮನ ಪಾತ್ರವೂ ಇಲ್ಲಿ ಆ ನಾಯಕನದೇ.

ಹಾಗಾಗಿ ಮಗು 'ಅಮ್ಮಾ, ನರಿ ಬಂತು!' ಎಂದು ಕಿರುಚಿದಾಗ ಅಮ್ಮ ಪೆದ್ದಿಯಾಗಬೇಕು. 'ಎಲ್ಲಿದ್ಯೋ ನರಿ? ಇಲ್ಲಿ ಬರೆದೇ ಇಲ್ವಲ್ಲ!' ಎಂದು ಅಕ್ಷರದ ಮೇಲೆ ಬೆರಳಿಡಬಹುದು. ಮಗು ಪುಟದ ಮೇಲೆ ಬಡಿದು ತೋರಿಸುತ್ತದೆ. ಎರಡು ಪುಟ ಕಳೆಯುವಷ್ಟರಲ್ಲಿ ನರಿಯ ಪಾಲಿನ ಕಥೆಯನ್ನು ಮಗುವೇ ಹೇಳತೊಡಗುತ್ತದೆ, ಹೇಂಟೆಯ ಪಾಲು ಮಾತ್ರ ಅಮ್ಮನಿಗೆ ಉಳಿಯುತ್ತದೆ. ಮೂರು ವರ್ಷದ ಮಗುವೂ ಹೀಗೆ ಮಾತಿಲ್ಲದ ಪುಟವನ್ನು 'ಓದುತ್ತದೆ', ಯಾಕೆಂದರೆ ಅಲ್ಲಿ ಓದಲು ಅಕ್ಷರ ಬೇಕಿಲ್ಲ.

ಇಂಗ್ಲಿಷ್ ಪ್ರತಿಯನ್ನು ಕೈಯಲ್ಲಿಟ್ಟುಕೊಂಡು ಕನ್ನಡದಲ್ಲಿ ಹೇಳುವ ಮನೆಗಳಲ್ಲಿ ಇನ್ನೂ ಒಂದು ಅನುಕೂಲವಿದೆ. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿಯವರೆಗೆ ದಾಟಿ, ಸುತ್ತಿ, ಹತ್ತಿ, ಇಳಿದು ಎಂದು ವಾಕ್ಯವನ್ನು ಎಷ್ಟು ದೂರ ಬೇಕಾದರೂ ಎಳೆಯಬಹುದು. ಪ್ರತಿ ಪುಟದಲ್ಲೂ ವಾಕ್ಯವನ್ನು ಮುಗಿಸದೆ ಮಧ್ಯದಲ್ಲೇ ತೂಗಿಬಿಟ್ಟು ಹಾಳೆ ತಿರುವಿದರೆ ಮುಂದೇನು ಎಂಬ ಕುತೂಹಲ ಧ್ವನಿಯಲ್ಲೇ ನಿಂತಿರುತ್ತದೆ. ಪ್ರತಿ ಪುಟಕ್ಕೂ 'ಹೋಯಿತು', 'ಬಂತು' ಎಂದು ಪೂರ್ಣವಿರಾಮ ಹಾಕಿಬಿಟ್ಟರೆ ಕಥೆ ಅಲ್ಲಲ್ಲೇ ಕೂತುಬಿಡುತ್ತದೆ.

ಕನ್ನಡದ ಅಪ್ಪ ಅಮ್ಮಂದಿರಿಗೆ ಸುಮ್ಮನಿರುವುದು ಯಾಕೆ ಕಷ್ಟ ಎನ್ನುವುದಕ್ಕೂ ಒಂದು ಹಿನ್ನೆಲೆಯಿದೆ. ನಮ್ಮ ಮಕ್ಕಳ ಸಾಹಿತ್ಯದ ಬೇರು ಕಿವಿಯಲ್ಲಿದೆ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರಿಂದ ಹಿಡಿದು ಇತ್ತೀಚಿನವರೆಗೆ ಅದರ ಜೀವ ಪದ್ಯ, ಪ್ರಾಸ, ಲಯ. ಚಿತ್ರವಿಲ್ಲದೆಯೇ ಆ ಪದ್ಯಗಳು ಬಾಯಿಂದ ಬಾಯಿಗೆ ಬಂದವು, ಚಿತ್ರ ಹಾಕಿದರೆ ಅದು ಒಡವೆ. ಹೀಗೆ ಬೆಳೆದವರು ಚಿತ್ರಪುಸ್ತಕ ಹಿಡಿದಾಗಲೂ ಮಾತೇ ಕಥೆ, ಚಿತ್ರ ಅದಕ್ಕೆ ಸಾಕ್ಷಿ ಎಂದುಕೊಳ್ಳುವುದು ಸಹಜ. ಮಾತು ಕಡಿಮೆಯಿದ್ದರೆ ತಾವೇ ಸೇರಿಸುತ್ತಾರೆ. ಅದು ಜಿಪುಣತನವಿಲ್ಲದ ಒಳ್ಳೆಯ ಗುಣವೇ ಹೌದು, ಆದರೆ ರೋಸಿಯಂಥ ಪುಸ್ತಕದಲ್ಲಿ ಅದು ಉಪದ್ರವ.

ಮಾತಿನ ದನಿ ಹೇಗಿರಬೇಕು ಎಂಬುದಕ್ಕೆ ಇನ್ನೊಂದು ಪುಸ್ತಕ ಒಳ್ಳೆಯ ಪಾಠ ಹೇಳುತ್ತದೆ. ಕೆನಡಾ ಮೂಲದ ಜಾನ್ ಕ್ಲಾಸೆನ್ ಅವರ 'ದಿಸ್ ಈಸ್ ನಾಟ್ ಮೈ ಹ್ಯಾಟ್' ಬಂದದ್ದು 2012ರಲ್ಲಿ. ಮರುವರ್ಷ ಅಮೆರಿಕದ ಕಾಲ್ಡೆಕಾಟ್ ಪದಕ ಅದಕ್ಕೆ ಸಿಕ್ಕಿತು. ಒಂದು ಪುಟ್ಟ ಮೀನು ದೊಡ್ಡ ಮೀನಿನ ಟೋಪಿಯನ್ನು ಕದ್ದು ಓಡುತ್ತಿದೆ, ಓಡುತ್ತಲೇ ನಮಗೆ ತನ್ನ ಕಥೆಯನ್ನು ಹೇಳುತ್ತಿದೆ. ದೊಡ್ಡ ಮೀನು ನಿದ್ದೆಯಲ್ಲಿದೆ, ಸದ್ಯಕ್ಕೆ ಏಳುವುದಿಲ್ಲ ಎಂಬುದು ಅದರ ಭರವಸೆ. ಆ ಮಾತಿನ ಪಕ್ಕದಲ್ಲೇ ಕಪ್ಪು ನೀರಿನಲ್ಲಿ ದೊಡ್ಡ ಮೀನಿನ ಕಣ್ಣು ಅಗಲವಾಗಿ ತೆರೆದಿದೆ. ಎದ್ದರೂ ಟೋಪಿ ಹೋದದ್ದು ಅದಕ್ಕೆ ತಿಳಿಯದು ಎನ್ನುವಾಗ ಆ ಕಣ್ಣಗುಡ್ಡೆ ಮೇಲಕ್ಕೆ, ಬರಿದಾದ ತಲೆಯ ಕಡೆಗೆ ತಿರುಗಿದೆ. ಕದ್ದವನು ನಾನೆಂದು ಗೊತ್ತಾಗುವುದಿಲ್ಲ ಎನ್ನುವಾಗ ಅದೇ ಕಣ್ಣು ಕಿರಿದಾಗಿದೆ. ಪುಟದಿಂದ ಪುಟಕ್ಕೆ ದೊಡ್ಡ ಮೀನಿನ ದೇಹ ಹೆಚ್ಚುಕಡಿಮೆ ಹಾಗೇ ಇದೆ, ಬದಲಾಗಿರುವುದು ಕಣ್ಣೊಂದೇ. ಇಷ್ಟು ಸಣ್ಣ ಬದಲಾವಣೆಯಲ್ಲಿ ಇಷ್ಟು ದೊಡ್ಡ ಸುದ್ದಿ ಹೇಳಿದ ಚಿತ್ರಕಾರರು ಕಡಿಮೆ.

ದಾರಿಯಲ್ಲೊಂದು ಏಡಿ ಪುಟ್ಟ ಮೀನನ್ನು ನೋಡಿದೆ. ಯಾರಿಗೂ ಹೇಳುವುದಿಲ್ಲ ಎಂದು ಅದು ಮಾತು ಕೊಟ್ಟಿದೆಯಂತೆ. ಮುಂದಿನ ಚಿತ್ರದಲ್ಲಿ ದೊಡ್ಡ ಮೀನು ಬಂದು ನಿಂತಿದೆ, ಏಡಿ ದಾರಿ ತೋರಿಸುತ್ತಿದೆ.

ಇಲ್ಲಿ ಓದುವವರು ಮಾಡುವ ತಪ್ಪು ಬೇರೆ ಬಗೆಯದು. ನಿಜ ಏನೆಂದು ಚಿತ್ರದಲ್ಲಿ ಕಂಡಿರುವ ದೊಡ್ಡವರು ಪುಟ್ಟ ಮೀನಿನ ಮಾತನ್ನು ವ್ಯಂಗ್ಯದ ರಾಗದಲ್ಲಿ ಓದಿಬಿಡುತ್ತಾರೆ, ಕಣ್ಣು ಮಿಟುಕಿಸುತ್ತಾರೆ, 'ಹೌದಾ? ನಿಜವಾ?' ಎಂದು ನಡುವೆ ಸೇರಿಸುತ್ತಾರೆ. ಆಗ ಕಳ್ಳನ ಗುಟ್ಟು ಧ್ವನಿಯಲ್ಲೇ ಹೊರಬಿತ್ತು, ಮಗು ಚಿತ್ರದಲ್ಲಿ ಹುಡುಕಲು ಏನೂ ಉಳಿಯಲಿಲ್ಲ. ಪುಟ್ಟ ಮೀನಿಗೆ ತನ್ನ ಮೇಲೆ ಪೂರ್ತಿ ನಂಬಿಕೆಯಿದೆ, ಅದನ್ನು ಅಷ್ಟೇ ನಂಬಿಕೆಯಿಂದ, ಸ್ವಲ್ಪ ಜಂಬದಿಂದ ಓದಬೇಕು. ಧ್ವನಿ ಸುಳ್ಳಿನ ಪರ ನಿಂತಷ್ಟೂ ಚಿತ್ರ ನಿಜದ ಪರ ಗಟ್ಟಿಯಾಗುತ್ತದೆ.

ಈ ಪುಸ್ತಕದಲ್ಲಿ ದಿಕ್ಕನ್ನೂ ಗಮನಿಸಬೇಕು. ಎರಡೂ ಮೀನುಗಳು ಎಡದಿಂದ ಬಲಕ್ಕೆ, ನಾವು ಓದುವ ದಿಕ್ಕಿಗೇ ಈಜುತ್ತವೆ, ಬಲಗಡೆ ಎತ್ತರದ ಗಿಡಗಳ ಗುಂಪಿನತ್ತ. ಗಿಡಗಳೊಳಗೆ ಎರಡೂ ಹೋದ ಮೇಲೆ ಒಂದು ಜೋಡಿಪುಟದಲ್ಲಿ ಬರೀ ಎಲೆಗಳಿವೆ. ಒಳಗೆ ಏನಾಯಿತು ಎಂದು ಬರಹವೂ ಹೇಳುವುದಿಲ್ಲ, ಚಿತ್ರವೂ ಹೇಳುವುದಿಲ್ಲ. ಆಮೇಲೆ ದೊಡ್ಡ ಮೀನು ಟೋಪಿ ಹಾಕಿಕೊಂಡು ಬಲದಿಂದ ಎಡಕ್ಕೆ, ಬಂದ ದಾರಿಯಲ್ಲೇ ವಾಪಸ್ಸು ಬರುತ್ತದೆ. ಪುಟ್ಟ ಮೀನಿನ ಮಾತು ನಿಂತುಹೋಗಿದೆ. 'ತಿಂದುಬಿಡ್ತಾ?' ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಇಲ್ಲಪ್ಪ, ಬುದ್ಧಿ ಹೇಳಿ ಕಳಿಸಿತು ಎಂದು ಸಮಾಧಾನ ಹೇಳುವ ಅಪ್ಪಂದಿರು ಇದ್ದಾರೆ, ಕಳ್ಳತನ ಮಾಡಿದರೆ ಹೀಗೇ ಎಂದು ನೀತಿ ಹೇಳುವವರೂ ಇದ್ದಾರೆ. ಕ್ಲಾಸೆನ್ ಎಲೆಗಳನ್ನಷ್ಟೇ ಬಿಡಿಸಿ ಬಾಯಿ ಮುಚ್ಚಿಕೊಂಡಿರುವಾಗ ಓದುವವರಿಗೇಕೆ ಅವಸರ? 'ನಿನಗೇನನ್ನಿಸುತ್ತೆ?' ಎಂದರೆ ಸಾಕು. ಕೆಲವು ಮಕ್ಕಳು ಹಿಂದಿನ ಪುಟಗಳಿಗೆ ಹೋಗಿ ದೊಡ್ಡ ಮೀನಿನ ಕಣ್ಣನ್ನು ಮತ್ತೆ ನೋಡಿ ಬಂದು ಉತ್ತರ ಹೇಳುತ್ತಾರೆ. ಚಿತ್ರದಿಂದ ಸಾಕ್ಷಿ ತೆಗೆಯುವುದೆಂದರೆ ಅದೇ.

ಪ್ರಶ್ನೆ ಕೇಳುವುದರಲ್ಲೂ ಹದ ತಪ್ಪುತ್ತದೆ. ಪುಸ್ತಕ ತೆರೆದ ಕೂಡಲೇ 'ಇದು ಯಾವ ಕಲರ್? ಎಷ್ಟು ಮರ ಇದೆ? ಫಾಕ್ಸ್ ಸ್ಪೆಲಿಂಗ್ ಹೇಳು' ಎಂದು ಶುರುವಾದರೆ ಅದು ಕಥೆಯಲ್ಲ, ಪರೀಕ್ಷೆ. ಎರಡನ್ನೂ ಬೇರೆ ಮಾಡಿ ತಿಳಿಯಲು ಒಂದು ಗುರುತಿದೆ. ಮಗು ಚಿತ್ರ ಬಿಟ್ಟು ಮುಖವೆತ್ತಿ ನಮ್ಮನ್ನು ನೋಡುವುದು ಯಾವಾಗ ಎಂಬುದನ್ನು ಗಮನಿಸಬೇಕು. ನಗುತ್ತಾ, ಬೆರಳನ್ನು ಪುಟದ ಮೇಲೇ ಇಟ್ಟುಕೊಂಡು ನೋಡಿದರೆ ಅದು ಕಂಡದ್ದನ್ನು ಹಂಚಿಕೊಳ್ಳುತ್ತಿದೆ. ಬೆರಳು ತೆಗೆದು, ಉತ್ತರ ಸರಿಯಾಯಿತೇ ಎಂದು ನಮ್ಮ ಮುಖದಲ್ಲಿ ಹುಡುಕುತ್ತಿದ್ದರೆ ಕಥೆ ಕೈತಪ್ಪಿದೆ ಎಂದರ್ಥ. ಆಗ ಪ್ರಶ್ನೆ ಬಿಟ್ಟು ಮುಂದಿನ ಪುಟಕ್ಕೆ ಹೋಗುವುದೇ ಮೇಲು.

ಚಿತ್ರದ ಅಳತೆಯೇ ಕಥೆಯಾಗುವ ಸಂದರ್ಭವೂ ಉಂಟು. ಅಮೆರಿಕದ ಮಾರಿಸ್ ಸೆಂಡಾಕ್ ಅವರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' 1963ರ ಪುಸ್ತಕ. ತುಂಟತನ ಮಾಡಿದ ಮ್ಯಾಕ್ಸ್ ಎಂಬ ಹುಡುಗನನ್ನು ಊಟವಿಲ್ಲದೆ ಕೋಣೆಗೆ ಕಳಿಸುತ್ತಾರೆ, ಕೋಣೆಯಲ್ಲಿ ಕಾಡು ಬೆಳೆಯುತ್ತದೆ, ಅವನು ದೋಣಿಯಲ್ಲಿ ಹೋಗಿ ವಿಕಾರ ಪ್ರಾಣಿಗಳ ರಾಜನಾಗುತ್ತಾನೆ. ಶುರುವಿನ ಚಿತ್ರಗಳು ಬಲಪುಟದ ನಡುವೆ ಸಣ್ಣದಾಗಿ, ಸುತ್ತ ಅಗಲವಾದ ಬಿಳಿ ಅಂಚಿನೊಳಗೆ ಕೂತಿವೆ. ಕಾಡು ಬೆಳೆದಂತೆ ಚಿತ್ರವೂ ಬೆಳೆಯುತ್ತದೆ. ಅಂಚು ತೆಳುವಾಗುತ್ತದೆ, ಇಡೀ ಬಲಪುಟ ತುಂಬುತ್ತದೆ, ಆಮೇಲೆ ನಡುವಿನ ಮಡಿಕೆ ದಾಟಿ ಎಡಪುಟಕ್ಕೆ ಚಾಚುತ್ತದೆ. ಕೊನೆಗೆ ಪ್ರಾಣಿಗಳ ಕುಣಿತ ಬಂದಾಗ ಮೂರು ಜೋಡಿಪುಟಗಳ ಉದ್ದಕ್ಕೂ ಚಿತ್ರವೇ, ಅಕ್ಷರಕ್ಕೆ ಜಾಗವಿಲ್ಲ. ಅವನು ಮನೆಗೆ ಹೊರಟಂತೆ ಚಿತ್ರ ಮತ್ತೆ ಕುಗ್ಗುತ್ತಾ ಬರುತ್ತದೆ. ಕಟ್ಟಕಡೆಯ ಪುಟದಲ್ಲಿ ಚಿತ್ರವೇ ಇಲ್ಲ, ಕೆಲವೇ ಪದಗಳಿವೆ.

ಆ ಮೂರು ಜೋಡಿಪುಟಗಳನ್ನು ಓದುವುದು ಹೇಗೆ ಎಂಬುದು ಗಟ್ಟಿಯಾಗಿ ಓದುವವರ ದೊಡ್ಡ ಗೊಂದಲ. ಓದಲು ಏನೂ ಇಲ್ಲವಲ್ಲ ಎಂದು ಸರಸರನೆ ತಿರುವಿದರೆ ಕಥೆಯ ನಡುಭಾಗವೇ ಹಾರಿಹೋಗುತ್ತದೆ. ಕೆಲವರು ಇಲ್ಲಿ ತಮಟೆ ಬಡಿದಂತೆ ಬಾಯಲ್ಲಿ ಸದ್ದು ಮಾಡುತ್ತಾರೆ, ಕೆಲವರು ಮಗುವನ್ನು ತೊಡೆಯ ಮೇಲೆ ಕುಣಿಸುತ್ತಾರೆ. ಎರಡೂ ಸರಿಯೇ. ಮಾತು ಮಾತ್ರ ಬೇಡ, ಯಾಕೆಂದರೆ ಆ ಹೊತ್ತಿನಲ್ಲಿ ಮ್ಯಾಕ್ಸ್ ಹೇಳಿದ್ದನ್ನು ಕೇಳುವ ಸ್ಥಿತಿಯಲ್ಲಿಲ್ಲ. ಕೊನೆಯ ಪುಟಕ್ಕೆ ಬಂದಾಗ ಧ್ವನಿ ಇಳಿಯಲಿ. ನೋಡಲು ಏನೂ ಇಲ್ಲದ ಆ ಬಿಳಿ ಪುಟದಲ್ಲಿ ಮಗುವಿಗೆ ಉಳಿಯುವುದು ಓದುವವರ ಧ್ವನಿ ಒಂದೇ.

ಅದೇ ಪುಸ್ತಕದ ಶುರುವಿನಲ್ಲಿ, ಮ್ಯಾಕ್ಸ್ ಮೆಟ್ಟಿಲ ಹತ್ತಿರ ನಾಯಿಯನ್ನು ಅಟ್ಟಿಸಿಕೊಂಡು ಹೋಗುವ ಚಿತ್ರದಲ್ಲಿ, ಗೋಡೆಯ ಮೇಲೆ ವಿಕಾರ ಪ್ರಾಣಿಯೊಂದರ ಚಿತ್ರ ಅಂಟಿಸಿದೆ. ಕೆಳಗೆ ಬಿಡಿಸಿದವನ ಹೆಸರು ಮ್ಯಾಕ್ಸ್ ಎಂದೇ ಇದೆ. ಆ ಪ್ರಾಣಿಗಳು ಎಲ್ಲಿಂದ ಬಂದವು ಎಂಬುದಕ್ಕೆ ಬರಹದಲ್ಲಿ ಸುಳಿವಿಲ್ಲ, ಗೋಡೆಯ ಮೇಲಿದೆ. ಮೊದಲ ಓದಿನಲ್ಲಿ ಅದು ಯಾರಿಗೂ ಕಾಣದು. ಕಂಡರೂ ತೋರಿಸಬಾರದು, ಹತ್ತನೆಯ ಓದಿಗೆ ಮಗುವೇ ಹಿಡಿಯಲಿ.

ಅಂಗಡಿಯಲ್ಲಿ ಪುಸ್ತಕ ಆರಿಸುವಾಗ ಎಲ್ಲ ಚಿತ್ರಪುಸ್ತಕವೂ ಹೀಗಿರುತ್ತದೆ ಎಂದುಕೊಳ್ಳಬೇಕಿಲ್ಲ. ಬಹಳಷ್ಟು ಪುಸ್ತಕಗಳಲ್ಲಿ ಚಿತ್ರ ಬರಹವನ್ನೇ ಮತ್ತೊಮ್ಮೆ ಹೇಳುತ್ತದೆ. ರಾಜ ಸಿಂಹಾಸನದ ಮೇಲೆ ಕುಳಿತ ಎಂದಿದ್ದರೆ ಸಿಂಹಾಸನದ ಮೇಲೆ ರಾಜ ಕುಳಿತಿರುತ್ತಾನೆ, ಅಷ್ಟೇ. ಅಲ್ಲಿ ಎಷ್ಟು ಹೊತ್ತು ತಡೆದು ನಿಂತರೂ ಮಗುವಿಗೆ ಹೊಸದೇನೂ ಸಿಗುವುದಿಲ್ಲ, ಅಂಥದ್ದನ್ನು ಧ್ವನಿಯ ಏರಿಳಿತದಿಂದಲೇ ಚೆನ್ನಾಗಿ ಓದಿದರಾಯಿತು. ಗುರುತಿಸುವುದು ಕಷ್ಟವಲ್ಲ. ಯಾವುದಾದರೂ ಒಂದು ಜೋಡಿಪುಟದ ಬರಹವನ್ನು ಅಂಗೈಯಿಂದ ಮುಚ್ಚಿ, ಚಿತ್ರದಲ್ಲಿ ಬೇರೇನಾದರೂ ನಡೆಯುತ್ತಿದೆಯೇ ಎಂದು ನೋಡಬೇಕು. ಬರಹದಲ್ಲಿ ಇಲ್ಲದ ಒಂದು ಪಾತ್ರ, ಒಂದು ಮುಖಭಾವ, ಮುಂದಿನ ಪುಟಕ್ಕೆ ದಾರಿ ತೋರುವ ಒಂದು ವಸ್ತು ಸಿಕ್ಕರೆ ಆ ಪುಸ್ತಕ ನಿಧಾನವನ್ನು ಬೇಡುತ್ತದೆ.

ನಮ್ಮಲ್ಲೂ ಚಿತ್ರಪುಸ್ತಕಗಳಿಗೆ ಈಗ ಅಷ್ಟು ಬರವಿಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕನ್ನಡದಲ್ಲೂ ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ತರುತ್ತಿದೆ. ಅದರ ಸ್ಟೋರಿವೀವರ್ ತಾಣ 2015ರಿಂದ ಅಂಥ ಕಥೆಗಳನ್ನು ಉಚಿತವಾಗಿ ಕೊಡುತ್ತಿದೆ, ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೂ ಅದೊಂದು ದಾರಿ. ಚೆನ್ನೈನ ತೂಲಿಕಾ ಪ್ರಕಾಶನ ಒಂದೇ ಪುಟದಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡೂ ಇರುವ ಪುಸ್ತಕಗಳನ್ನು ಮಾಡಿದೆ. ಎರಡು ಭಾಷೆಯ ಪುಸ್ತಕದಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಓದಬೇಕೆಂಬ ಹಟ ಬೇಡ. ಹಾಗೆ ಓದಿದರೆ ಒಂದೇ ಸುದ್ದಿ ಎರಡು ಸಲ ಕಿವಿಗೆ ಬಿದ್ದು, ಚಿತ್ರಕ್ಕೆ ಮೀಸಲಾದ ಮೌನ ತುಂಬಿಹೋಗುತ್ತದೆ. ಒಂದು ದಿನ ಒಂದು ಭಾಷೆ, ಇನ್ನೊಂದು ದಿನ ಇನ್ನೊಂದು ಎಂದರೆ ಚಿತ್ರಕ್ಕೂ ಉಸಿರಾಡಲು ಬಿಡುವು.

ಫೋನಿನಲ್ಲಿ ಓದುವಾಗ ಸಮಸ್ಯೆ ಪರದೆಯದು. ಎರಡು ಪುಟಗಳ ಉದ್ದಕ್ಕೂ ಹರಡಿದ ಚಿತ್ರ ಸಣ್ಣ ಪರದೆಯಲ್ಲಿ ಎರಡು ತುಂಡಾಗಿ ಬಂದರೆ ನರಿ ಒಂದು ಪರದೆಯಲ್ಲಿ, ಹೇಂಟೆ ಇನ್ನೊಂದರಲ್ಲಿ ಎಂಬಂತಾಗುತ್ತದೆ. ಬೆನ್ನಟ್ಟುವ ಕಥೆಯಲ್ಲಿ ಅವೆರಡರ ನಡುವಿನ ದೂರವೇ ಮುಖ್ಯ. ಫೋನನ್ನು ಅಡ್ಡ ಹಿಡಿದಾಗ ಎರಡೂ ಪುಟ ಒಟ್ಟಿಗೆ ಕಂಡರೆ ಸರಿ, ಕಾಣದಿದ್ದರೆ ಆ ಕಥೆಯನ್ನು ಲ್ಯಾಪ್‌ಟಾಪಿನಲ್ಲೋ ಅಚ್ಚಿನ ಪ್ರತಿಯಲ್ಲೋ ನೋಡುವುದು ವಾಸಿ. ಬೆರಳು ಸವರಿದರೆ ಸರ್ರನೆ ಓಡುವ ಪರದೆಗೆ ಹಾಳೆಯ ತೂಕವೂ ಇಲ್ಲ. ಹಾಳೆಯ ಮೂಲೆಯನ್ನು ಸ್ವಲ್ಪವೇ ಎತ್ತಿ ನಿಲ್ಲಿಸಿ ಮಗುವಿನ ಕುತೂಹಲ ಕೆರಳಿಸುವ ಆಟ ಅಲ್ಲಿ ನಡೆಯುವುದಿಲ್ಲ.

ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದು ಎಂದು ಮಗು ಪೀಡಿಸಿದಾಗ ದೊಡ್ಡವರಿಗೆ ಬೇಸರ ಬರುವುದು ಅವರಿಗೆ ಮಾತು ಬಾಯಿಪಾಠವಾಗಿರುವುದರಿಂದ. ಮಗುವಿಗೆ ಚಿತ್ರ ಇನ್ನೂ ಮುಗಿದಿರುವುದಿಲ್ಲ. ರೋಸಿಯ ಪುಸ್ತಕದಲ್ಲಿ ನರಿಯ ಗಲಾಟೆ ಹಳತಾದ ಮೇಲೆ ಬಣವೆಯ ಪಕ್ಕ ಕಟ್ಟಿಹಾಕಿದ ಮೇಕೆ ಕಣ್ಣಿಗೆ ಬೀಳುತ್ತದೆ, ಅಂಚಿನಲ್ಲಿರುವ ಸಣ್ಣ ಪ್ರಾಣಿಗಳು ಒಂದೊಂದಾಗಿ ಕಾಣುತ್ತವೆ. ಗಿರಣಿಯ ಪುಟದಲ್ಲಿ ಇನ್ನೂ ದೊಡ್ಡದೊಂದು ಕಾದಿದೆ. ಹಿಟ್ಟಿನ ಮೂಟೆಗೆ ಕಟ್ಟಿದ ದಾರ ರೋಸಿಯ ಕಾಲಿಗೆ ಸಿಕ್ಕಿಕೊಂಡಿದೆ, ಅದು ಮುಂದೆ ನಡೆದಂತೆ ದಾರ ಬಿಗಿದು ಮೂಟೆ ಸುರಿಯುತ್ತದೆ. ಅಂದರೆ ಹಿಟ್ಟು ಸುರಿದದ್ದು ರೋಸಿಯಿಂದಲೇ. ಹಾಗಾದರೆ ಅದಕ್ಕೆ ನರಿಯ ವಿಷಯ ಮೊದಲಿಂದಲೂ ಗೊತ್ತಿತ್ತೇ?

ಬರಹ ಇದಕ್ಕೆ ಉತ್ತರ ಕೊಡುವುದಿಲ್ಲ. ಚಿತ್ರದಲ್ಲಿ ರೋಸಿಯ ಮುಖ ಮೊದಲಿಂದ ಕೊನೆಯವರೆಗೆ ಒಂದೇ ಥರ, ಅದು ಒಮ್ಮೆಯೂ ಹಿಂದೆ ತಿರುಗಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಇಲ್ಲಿ ಜಗಳ ಗ್ಯಾರಂಟಿ. ಒಬ್ಬಳು ಗೊತ್ತಿತ್ತು ಎನ್ನುತ್ತಾಳೆ, ಬೇಕೆಂದೇ ಅಂಥ ಜಾಗಗಳಿಗೆ ಕರೆದುಕೊಂಡು ಹೋಯಿತು ಎಂದು ವಾದ ಹೂಡುತ್ತಾಳೆ. ಇನ್ನೊಬ್ಬ ಇಲ್ಲವೇ ಇಲ್ಲ ಎನ್ನುತ್ತಾನೆ. ಆಗ ಹೆಸರಿನ ಪುಟಕ್ಕೆ ಹೋಗಬಹುದು. ಅಲ್ಲಿ ಎರಡೂ ಪುಟ ತುಂಬ ಇಡೀ ತೋಟದ ನೋಟವಿದೆ. ಗೂಡಿನಿಂದ ಹೊರಟು ರೋಸಿ ಹೋದ ದಾರಿಯನ್ನು ಮಕ್ಕಳು ಬೆರಳಿನಿಂದ ಎಳೆದು, ಇಲ್ಲಿಂದ ಅಲ್ಲಿಗೆ ಹತ್ತಿರದ ದಾರಿಯಿತ್ತಲ್ಲ, ಸುತ್ತು ಹಾಕಿದ್ದೇಕೆ ಎಂದು ಮತ್ತೆ ಮೊದಲಿಂದ ವಾದಕ್ಕಿಳಿಯುತ್ತಾರೆ.